ನಿಮಗಿದು ಗೊತ್ತೇ? ಬಿಲ್ಲಿನ ತಪ್ಪಿಗೆ ಬಿಲ್ಲೇ ಸಾಕ್ಷಿ

ಪ್ರತಿ ತಿಂಗಳು 11ಕ್ಕೆ ಮಾರಾಟದ ವಿವರ, 20ಕ್ಕೆ ತೆರಿಗೆ ಪಾವತಿಯ ರಿಟರ್ನ್. ಹಾವೇರಿಯ ತೆರಿಗೆ ಸಲಹೆಗಾರರ ಕಚೇರಿಗಳಿಗೆ ಆ ಹೊತ್ತಿಗೆ ಬ್ಯಾಡಗಿಯ ಮೆಣಸಿನಕಾಯಿ ಬಿಲ್ಲು, ರಾಣೆಬೆನ್ನೂರಿನ ಬೀಜದ ಬಿಲ್ಲು ಫೋಟೊ ಆಗಿಯೋ ಸ್ಕ್ಯಾನ್ ಆಗಿಯೋ ಬಂದು ಬೀಳುತ್ತವೆ. ಬಿಲ್ಲಿನ ಒಂದೊಂದು ಸಾಲನ್ನೂ ಕೈಯಲ್ಲಿ ಟೈಪ್ ಮಾಡುವ ಬದಲು, ಚಿತ್ರದಲ್ಲಿರುವ ಅಕ್ಷರವನ್ನು ಕಂಪ್ಯೂಟರಿಗೆ ಓದಿಸುವ ವಿಧಾನವೇ ಓಸಿಆರ್. ಓದಿಸುವುದು ಸುಲಭ. ಓದಿದ್ದು ಸರಿಯೇ ಎಂದು ತಿಳಿಯುವುದೇ ನಿಜವಾದ ಕೆಲಸ.

1. ಕೆಲವು ಬಿಲ್ಲಿಗೆ ಓಸಿಆರ್ ಬೇಕೇ ಇಲ್ಲ

ಪಿಡಿಎಫ್ ಬಂದಿದ್ದರೆ ಮೊದಲು ಅದನ್ನು ತೆರೆದು ಒಂದು ಅಂಕಿಯ ಮೇಲೆ ಮೌಸ್ ಎಳೆದು ನೋಡಿ. ಅಂಕಿ ಆಯ್ಕೆಯಾದರೆ ಹೆಚ್ಚಾಗಿ ಅದು ಚಿತ್ರವಲ್ಲ, ಒಳಗೆ ಅಕ್ಷರಗಳೇ ಇವೆ. ಲೆಕ್ಕದ ತಂತ್ರಾಂಶದಿಂದ ನೇರವಾಗಿ ತೆಗೆದ ಪಿಡಿಎಫ್‌ಗಳು ಸಾಮಾನ್ಯವಾಗಿ ಹೀಗೇ ಇರುತ್ತವೆ. `pdftotext -layout` ಎಂಬ ಆದೇಶ ಕೊಟ್ಟರೆ ಅಕ್ಷರಗಳು ಇದ್ದ ಹಾಗೆಯೇ ಹೊರಬರುತ್ತವೆ, 3 ಹೋಗಿ 8 ಆಗುವ ಭಯವಿಲ್ಲ. ಅದೇ ಬಿಲ್ಲನ್ನು ಮುದ್ರಿಸಿ, ಸೀಲು ಹಾಕಿ, ಫೋಟೊ ತೆಗೆದು ಕಳಿಸಿದಾಗ ಮಾತ್ರ ಓಸಿಆರ್ ಬೇಕಾಗುತ್ತದೆ. ಕನ್ನಡ ಅಕ್ಷರಗಳಿದ್ದರೆ ಹೊರಬಂದದ್ದನ್ನು ಒಮ್ಮೆ ಓದಿ ನೋಡಿ. ಹಳೆಯ, ಯುನಿಕೋಡ್ ಅಲ್ಲದ ಫಾಂಟ್ ಬಳಸಿದ್ದರೆ ಹೆಸರುಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಬರುತ್ತವೆ.

2. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಬಂದ ಬಿಲ್ಲು ದಾರಿಯಲ್ಲೇ ಸವೆದಿರುತ್ತದೆ

ಎ4 ಹಾಳೆಯನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಚಿತ್ರ 2480 ಪಿಕ್ಸೆಲ್ ಅಗಲ, 3508 ಪಿಕ್ಸೆಲ್ ಉದ್ದ ಇರುತ್ತದೆ. ಹತ್ತು ಪಾಯಿಂಟಿನ ಇಂಗ್ಲಿಷ್ ಸಣ್ಣಕ್ಷರಕ್ಕೆ ಆಗ ಸುಮಾರು 20 ಪಿಕ್ಸೆಲ್ ಎತ್ತರ ಸಿಗುತ್ತದೆ, ಓದಲು ಅಷ್ಟು ಸಾಕು. ಫೋಟೊ ಆಗಿ ಕಳಿಸಿದಾಗ ಚಿತ್ರ ಕುಗ್ಗುತ್ತದೆ. ಉದ್ದದ ಬದಿ 1600 ಪಿಕ್ಸೆಲ್‌ಗೆ ಇಳಿದರೆ ಅದು ಬರೀ 137 ಡಿಪಿಐ ಆಯಿತು, ಅಕ್ಷರದ ಎತ್ತರ 10 ಪಿಕ್ಸೆಲ್ ಆಸುಪಾಸಿಗೆ ಬಂತು. ಅದಕ್ಕಿಂತ ಕೆಳಗೆ ಹೋದರೆ ಸರಿಯಾಗಿ ಓದುವ ಸಾಧ್ಯತೆ ತೀರಾ ಕಡಿಮೆ. ಆಮೇಲೆ ಚಿತ್ರವನ್ನು ಹಿಗ್ಗಿಸಿದರೂ ಕಳೆದುಹೋದ ಗೆರೆ ಮರಳುವುದಿಲ್ಲ. ಅದೇ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಮೂಲ ಗಾತ್ರ ಉಳಿಯುತ್ತದೆ.

3. ಮೆಣಸಿನಕಾಯಿಯ ಕಲೆಯನ್ನು ಚಿತ್ರದಿಂದ ಹೆಚ್ಚು ಕಡಿಮೆ ಅಳಿಸಬಹುದು

ಬಣ್ಣದ ಚಿತ್ರವೆಂದರೆ ಕೆಂಪು, ಹಸಿರು, ನೀಲಿ ಎಂಬ ಮೂರು ಪದರಗಳು. ಕೆಂಪು ಪದರವನ್ನು ಮಾತ್ರ ಇಟ್ಟುಕೊಂಡರೆ ಕೆಂಪಾಗಿದ್ದದ್ದೆಲ್ಲ ಬೆಳ್ಳಗಾಗುತ್ತದೆ. ಬ್ಯಾಡಗಿ ಪೇಟೆಯ ಕೈಗಳಿಂದ ಕಾಗದಕ್ಕೆ ಅಂಟಿದ ಮೆಣಸಿನಕಾಯಿ ಬಣ್ಣ, ಕೆಂಪು ರಬ್ಬರ್ ಸೀಲು, ಎರಡನೇ ಪ್ರತಿಯ ಗುಲಾಬಿ ಅಥವಾ ಹಳದಿ ಕಾಗದ, ಎಲ್ಲವೂ ತಿಳಿಯಾಗುತ್ತವೆ. ಕಾರ್ಬನ್ನಿನ ನೀಲಿ ಅಕ್ಷರ ಮಾತ್ರ ಅಲ್ಲಿ ಕಪ್ಪಾಗಿ ಎದ್ದು ಕಾಣುತ್ತದೆ.

ಸೀಲು ನೀಲಿಯಾಗಿದ್ದು, ಅದರ ಅಡಿಯ ಅಂಕಿ ಕಪ್ಪಾಗಿದ್ದರೆ ನೀಲಿ ಪದರ ತೆಗೆದುಕೊಳ್ಳಬೇಕು. ಆಗ ಸೀಲು ಮಸುಕಾಗಿ ಅಂಕಿ ಉಳಿಯುತ್ತದೆ. ಹಳದಿ ಪ್ರತಿಗೆ ಮಾತ್ರ ನೀಲಿ ಪದರ ಬೇಡ, ಆ ಪದರದಲ್ಲಿ ಹಳದಿ ಕಾಗದವೇ ಕಪ್ಪಾಗಿಬಿಡುತ್ತದೆ. ಚಿತ್ರವನ್ನು ಬೂದು ಬಣ್ಣಕ್ಕೆ ತಿರುಗಿಸುವ ಮೊದಲೇ ಇದನ್ನು ಮಾಡಬೇಕು. ಹಾಗಾಗಿ ಬಿಲ್ಲನ್ನು ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಬೇಡಿ, ಬಣ್ಣದಲ್ಲೇ ಮಾಡಿ.

4. ಒಂದೇ ಒಂದು ಡಿಗ್ರಿ ಓರೆಯಾದರೆ ಡಬ್ಬಿ ಮೆಣಸಿನಕಾಯಿಯ ಹಣ ಕಡ್ಡಿ ಮೆಣಸಿನಕಾಯಿಗೆ ಹೋಗುತ್ತದೆ

ಹಾಳೆ ಒಂದು ಡಿಗ್ರಿ ವಾಲಿದರೆ 2480 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಎಡ ತುದಿಗೂ ಬಲ ತುದಿಗೂ 43 ಪಿಕ್ಸೆಲ್ ಏರುಪೇರು. ಹತ್ತು ಪಾಯಿಂಟಿನ ಮುದ್ರಣದಲ್ಲಿ ಒಂದು ಸಾಲಿನಿಂದ ಇನ್ನೊಂದಕ್ಕೆ ಇರುವ ಅಂತರ ಸುಮಾರು 50 ಪಿಕ್ಸೆಲ್. ಅಂದರೆ ಎಡಗಡೆಯ ಮಾಲಿನ ಹೆಸರು ಬಲಗಡೆ ಪಕ್ಕದ ಸಾಲಿನ ಮೊತ್ತದ ಎತ್ತರಕ್ಕೆ ಬಂದು ನಿಲ್ಲುತ್ತದೆ. ಈ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಮೊತ್ತದ ಅಂಕಿಗಳೆಲ್ಲ ಸರಿಯಾಗಿಯೇ ಇರುತ್ತವೆ, ಕೂಡಿದರೆ ಒಟ್ಟು ತಾಳೆಯಾಗುತ್ತದೆ. ತೂಕವನ್ನು ದರದಿಂದ ಗುಣಿಸಿ ಅದೇ ಸಾಲಿನ ಮೊತ್ತಕ್ಕೆ ಹೋಲಿಸಿದರೆ ಮಾತ್ರ ಬಯಲಾಗುತ್ತದೆ. ಆದ್ದರಿಂದ ಓದಿಸುವ ಮೊದಲು ಚಿತ್ರವನ್ನು ನೆಟ್ಟಗೆ ಮಾಡಿಕೊಳ್ಳಬೇಕು. ಬಿಲ್ಲಿನ ಅಡ್ಡಗೆರೆಗಳೇ ಅದಕ್ಕೆ ಅಳತೆಗೋಲು.

5. ಓಸಿಆರ್‌ಗೆ ಕೋಷ್ಟಕ ಎಂದರೇನೆಂದೇ ಗೊತ್ತಿಲ್ಲ

ಟೆಸರ್ಯಾಕ್ಟ್ ಎಂಬುದು ಉಚಿತವಾಗಿ ಸಿಗುವ, ಕನ್ನಡವನ್ನೂ ಓದುವ ಓಸಿಆರ್. ಎಚ್‌ಪಿ ಕಂಪನಿಯಲ್ಲಿ 1985ರಲ್ಲಿ ಶುರುವಾಗಿ 2005ರಲ್ಲಿ ಎಲ್ಲರಿಗೂ ಮುಕ್ತವಾಯಿತು. ಬಿಲ್ಲಿಗೆ ಅದನ್ನು ಹೀಗೆ ನಡೆಸಬಹುದು:

```
tesseract bill.png bill -l kan+eng --psm 6 tsv
```

ಫಲಿತಾಂಶವಾಗಿ ಬರುವುದು ಪದಗಳ ಪಟ್ಟಿ. ಪ್ರತಿ ಪದಕ್ಕೂ ಎಡದಿಂದ ಎಷ್ಟು ದೂರ, ಮೇಲಿನಿಂದ ಎಷ್ಟು ದೂರ, ಎಷ್ಟು ಅಗಲ, ಎಷ್ಟು ಎತ್ತರ ಎಂಬ ಅಳತೆ ಇರುತ್ತದೆ. ಇದರಿಂದ ಸಾಲು ಕಟ್ಟುವುದು ನಮ್ಮ ಕೆಲಸ. ಎತ್ತರದ ನಡುಬಿಂದು ಹತ್ತಿರ ಹತ್ತಿರ ಇರುವ ಪದಗಳನ್ನು ಒಂದು ಸಾಲಾಗಿ ಗುಂಪು ಮಾಡಬೇಕು. ತೂಕ, ದರ, ಮೊತ್ತದ ಅಂಕಿಗಳು ಬಲಕ್ಕೆ ಒತ್ತಿ ಮುದ್ರಣವಾಗಿರುತ್ತವೆ, ಆದ್ದರಿಂದ ಅವುಗಳ ಕಾಲಂ ಗುರುತಿಸಲು ಬಲ ಅಂಚನ್ನು ನೋಡಬೇಕು. ಮಾಲಿನ ಹೆಸರಿಗೆ ಎಡ ಅಂಚು. ಹೆಸರು ಇದ್ದು ಒಂದೂ ಅಂಕಿಯಿಲ್ಲದ ಸಾಲು ಬಂದರೆ ಅದು ಹೊಸ ಮಾಲಲ್ಲ, ಮೇಲಿನ ಹೆಸರಿನ ಮುಂದುವರಿಕೆ. ಕೋಷ್ಟಕದ ಉದ್ದಗೆರೆಯನ್ನು ಮೊದಲೇ ಅಳಿಸದಿದ್ದರೆ ಅದು 1 ಎಂದು ಓದಿಸಿಕೊಂಡು ಪಕ್ಕದ ಅಂಕಿಗೆ ಅಂಟಿಕೊಳ್ಳುತ್ತದೆ, 840 ಹೋಗಿ 1840 ಆಗುತ್ತದೆ.

6. ಕೆಟ್ಟ ಓದು ಹೇಗಿರುತ್ತದೆ ನೋಡಿ

ಉದಾಹರಣೆಗೆಂದು ಬ್ಯಾಡಗಿಯ ಒಂದು ಮೆಣಸಿನಕಾಯಿ ಬಿಲ್ಲನ್ನು ಕಲ್ಪಿಸಿಕೊಳ್ಳೋಣ. ಮೂರು ಸಾಲು. ಚೀಲ, ತೂಕ ಕಿಲೋದಲ್ಲಿ, ದರ ಕ್ವಿಂಟಲಿಗೆ, ಕೊನೆಗೆ ಮೊತ್ತ. ಓಸಿಆರ್ ಓದಿದ್ದು ಹೀಗೆ:

```
ಡಬ್ಬಿ     18    61250   28,S00  1,74,562.50
ಕಡ್ಡಿ     24   840.00   24,700  2,03,280.00
ಗುಂಟೂರು   10   360.00   13,800    49,630.00
ಒಟ್ಟು     52  1812.50           4,27,522.50
```

ಇದರಲ್ಲಿ ನಾಲ್ಕು ತಪ್ಪುಗಳಿವೆ. ಎರಡು ಕಣ್ಣಿಗೆ ಹೊಡೆಯುತ್ತವೆ, ಎರಡು ಹೊಡೆಯುವುದಿಲ್ಲ. ಮೂಲ ಕಾಗದ ಕೈಯಲ್ಲಿ ಇಲ್ಲದೆಯೇ ನಾಲ್ಕನ್ನೂ ಸರಿಪಡಿಸಬಹುದು. ಒಂದೊಂದಾಗಿ ನೋಡೋಣ.

7. S ಅನ್ನು 5 ಮಾಡಲು ಜಾಗ ನೋಡಬೇಕು

ದರದ ಕಾಲಂನಲ್ಲಿ ಅಕ್ಷರಕ್ಕೆ ಎಡೆಯೇ ಇಲ್ಲ. ಅಲ್ಲಿ S ಬಂದರೆ 5, O ಬಂದರೆ 0, l ಅಥವಾ I ಬಂದರೆ 1, B ಬಂದರೆ 8 ಎಂದು ಬದಲಿಸಬಹುದು. 28,S00 ಎಂಬುದು 28,500 ಆಯಿತು. ಇದೇ ನಿಯಮವನ್ನು ಇಡೀ ಬಿಲ್ಲಿಗೆ ಹಚ್ಚಿದರೆ ಅಂಗಡಿ ಹೆಸರು, ಬಿಲ್ ನಂಬರು, ಜಿಎಸ್‌ಟಿ ನಂಬರು ಎಲ್ಲ ಕೆಡುತ್ತವೆ. ಯಾವ ಕಾಲಂ ಎಂದು ತಿಳಿದ ಮೇಲೆಯೇ ಬದಲಾವಣೆ.

ಅಂಕಿಯ ಕಾಲಂ ಅನ್ನು ಬೇರೆಯಾಗಿ ಕತ್ತರಿಸಿ, ಅಂಕಿ ಮಾತ್ರ ಓದು ಎಂದು ಟೆಸರ್ಯಾಕ್ಟ್‌ಗೆ ಮೊದಲೇ ಹೇಳಲೂ ಬರುತ್ತದೆ:

```
tesseract rate.png rate -l eng --psm 6 -c tessedit_char_whitelist=0123456789.,
```

ಇದರಲ್ಲೊಂದು ಅಪಾಯವಿದೆ. ಆಗ ಕಲೆ, ಮಡಿಕೆಯ ಗೆರೆ, ಸೀಲಿನ ತುಂಡುಗಳು ಕೂಡ ಯಾವುದೋ ಅಂಕಿಯಾಗಿ ಹೊರಬರಬಹುದು. S ಎಂದು ಬಂದಿದ್ದರೆ ಅನುಮಾನವಾದರೂ ಹುಟ್ಟುತ್ತಿತ್ತು, ಈಗ ಅದಕ್ಕೂ ಅವಕಾಶವಿಲ್ಲ.

8. ಕಳೆದುಹೋದ ಚುಕ್ಕಿಯನ್ನು ಚೀಲಗಳು ಹುಡುಕಿಕೊಡುತ್ತವೆ

300 ಡಿಪಿಐನಲ್ಲಿ ದಶಮಾಂಶದ ಚುಕ್ಕಿ ಎಂದರೆ ನಾಲ್ಕೈದು ಪಿಕ್ಸೆಲ್. ಚಿತ್ರದ ಧೂಳು ತೆಗೆಯುವ ಫಿಲ್ಟರಿಗೆ ಅದೂ ಧೂಳಾಗಿಯೇ ಕಾಣುತ್ತದೆ. ಹೀಗೆ 612.50 ಹೋಗಿ 61250 ಆಯಿತು. 18 ಚೀಲಕ್ಕೆ 61,250 ಕಿಲೋ ಎಂದರೆ ಒಂದು ಚೀಲಕ್ಕೆ 3,400 ಕಿಲೋ ಮೀರುತ್ತದೆ, ಯಾವ ಹಮಾಲನೂ ಹೊರಲಾರ. 612.50 ಎಂದು ಇಟ್ಟರೆ ಚೀಲಕ್ಕೆ 34 ಕಿಲೋ, ನಂಬಬಹುದಾದ ತೂಕ. ಇನ್ನೂ ಗಟ್ಟಿ ಸಾಕ್ಷಿ ಕೆಳಗಡೆ ಇದೆ. 612.50, 840, 360 ಕೂಡಿದರೆ ಸರಿಯಾಗಿ 1812.50. ಮೊದಲ ಸಾಲಿನ ಗುಣಾಕಾರವೂ ತಾಳೆಯಾಗುತ್ತದೆ.

ಅಲ್ಪವಿರಾಮದ್ದು ಇನ್ನೊಂದು ಬಗೆಯ ಕಾಟ. 1,74,562.50 ಎಂಬುದು 1.74.562,50 ಎಂದು ಬರಬಹುದು. ಕೊನೆಯ ಚಿಹ್ನೆಯ ಮುಂದೆ ಎರಡೇ ಅಂಕಿ ಇದ್ದರೆ ಅದು ದಶಮಾಂಶ, ಉಳಿದವನ್ನು ತೆಗೆದುಹಾಕಿ. ಲಕ್ಷ-ಸಾವಿರದ ನಮ್ಮ ಗುಂಪು ಮಾಡುವ ಕ್ರಮ ಪರದೇಶದ ಹಲವು ತಂತ್ರಾಂಶಗಳಿಗೆ ಹೊಸದು. ಅವು 1,74,562 ಅನ್ನು ತಪ್ಪು ಸಂಖ್ಯೆ ಎಂದು ಬಿಟ್ಟುಬಿಡಬಹುದು.

9. ತೂಕ ಕಿಲೋದಲ್ಲಿ, ದರ ಕ್ವಿಂಟಲಿನಲ್ಲಿ

ಮೆಣಸಿನಕಾಯಿ ಪೇಟೆಯಲ್ಲಿ ದರ ಕೂಗುವುದು ಕ್ವಿಂಟಲಿಗೆ. ತೂಕ ಕಿಲೋದಲ್ಲಿ ಬರೆದಿದ್ದರೆ ಗುಣಿಸಿದ ಮೇಲೆ 100ರಿಂದ ಭಾಗಿಸಬೇಕು. ಇದನ್ನು ಹೇಳಿಕೊಡದ ತಂತ್ರಾಂಶ ಸರಿಯಾಗಿ ಓದಿದ ಪ್ರತಿ ಸಾಲನ್ನೂ ತಪ್ಪು ಎಂದು ಕೆಂಪು ಮಾಡುತ್ತದೆ. ಎಲ್ಲ ಸಾಲುಗಳೂ ಸರಿಯಾಗಿ 100 ಪಟ್ಟು ತಪ್ಪಿದ್ದರೆ ದೋಷ ಓದಿನದ್ದಲ್ಲ, ಮಾನದ್ದು.

10. ಐವತ್ತು ರೂಪಾಯಿ ವ್ಯತ್ಯಾಸ ತಪ್ಪಿರುವ ಜಾಗವನ್ನೇ ತೋರಿಸುತ್ತದೆ

ಗುಂಟೂರಿನ ಸಾಲಿಗೆ ಬನ್ನಿ. 3.60 ಕ್ವಿಂಟಲ್, 13,800 ದರ, ಗುಣಿಸಿದರೆ 49,680. ಓದಿದ್ದು 49,630. ಈಗ ಮೊತ್ತದ ಕಾಲಂ ಕೂಡಿ ನೋಡಿ, ಬರುವುದು 4,27,472.50. ಬಿಲ್ಲಿನ ಒಟ್ಟು 4,27,522.50. ಅಡ್ಡಲಾಗಿ ನೋಡಿದರೂ ಕೆಳಗಡೆಗೆ ಕೂಡಿದರೂ ಕೊರತೆ ಅದೇ 50. ಎರಡು ಬೇರೆ ಬೇರೆ ದಾರಿಗಳು ಒಂದೇ ಅಂಕಿಯನ್ನು ಬೊಟ್ಟು ಮಾಡಿವೆ. 50 ಎಂದರೆ ಹತ್ತರ ಸ್ಥಾನದಲ್ಲಿ ಐದರ ವ್ಯತ್ಯಾಸ, 8 ಹೋಗಿ 3 ಆಗಿದೆ. ಮಸಿ ಸರಿಯಾಗಿ ಹತ್ತದೆ 8ರ ಎಡಭಾಗ ಮಾಸಿದರೆ ಉಳಿಯುವುದೇ 3. ಲೆಕ್ಕವೂ ಆಕಾರವೂ ಒಪ್ಪಿದ್ದರಿಂದ 49,680 ಎಂದು ಧೈರ್ಯವಾಗಿ ತಿದ್ದಬಹುದು.

11. ಗುಣಾಕಾರ ತಪ್ಪಿದರೆ ಮೂರರಲ್ಲಿ ಯಾವುದು ತಪ್ಪು?

ಕಡ್ಡಿಯ ಸಾಲು ಕಷ್ಟದ್ದು. 8.40 ಕ್ವಿಂಟಲನ್ನು 24,700ರಿಂದ ಗುಣಿಸಿದರೆ 2,07,480. ಬಿಲ್ಲಿನಲ್ಲಿ 2,03,280. ತಪ್ಪು ತೂಕದಲ್ಲೋ, ದರದಲ್ಲೋ, ಮೊತ್ತದಲ್ಲೋ? ಈ ಸಾಲೊಂದನ್ನೇ ನೋಡಿ ಹೇಳಲಾಗದು, ಉಳಿದ ಸಾಕ್ಷಿಗಳನ್ನು ಕೇಳಬೇಕು. ಗುಂಟೂರಿನ ಸಾಲು ತಿದ್ದಿದ ಮೇಲೆ ಮೊತ್ತದ ಕಾಲಂ ಪೈಸೆಗೆ ಪೈಸೆ ತಾಳೆಯಾಗಿದೆ, ಆದ್ದರಿಂದ 2,03,280 ಸರಿ. ತೂಕದ ಕಾಲಂ ಕೂಡ ತಾಳೆಯಾಗಿದೆ, ಆದ್ದರಿಂದ 840 ಸರಿ. ದರದ ಕಾಲಂಗೆ ಮಾತ್ರ ಕೆಳಗೆ ಒಟ್ಟು ಇಲ್ಲ, ಅದಕ್ಕೆ ಸಾಕ್ಷಿ ಇಲ್ಲ. ತಪ್ಪು ಅಲ್ಲೇ. 2,03,280 ಅನ್ನು 8.40ರಿಂದ ಭಾಗಿಸಿದರೆ 24,200. ಮಸುಕಾದ 2 ಇಲ್ಲಿ 7 ಆಗಿತ್ತು.

ಕ್ರಮ ಮುಖ್ಯ ಎಂಬುದನ್ನು ಗಮನಿಸಿ. ಗುಂಟೂರಿನ ಮೊತ್ತ ತಿದ್ದುವ ಮೊದಲೇ ಕಡ್ಡಿಗೆ ಕೈಹಾಕಿದ್ದರೆ ಮೊತ್ತದ ಕಾಲಂನ ಸಾಕ್ಷಿ ಸಿಗುತ್ತಿರಲಿಲ್ಲ. ಎರಡು ಕಡೆಯಿಂದ ಸಾಕ್ಷಿಯಿರುವ ತಪ್ಪನ್ನು ಮೊದಲು ತಿದ್ದಿ, ಒಂದೇ ಸಾಕ್ಷಿಯಿರುವುದನ್ನು ಆಮೇಲೆ.

12. ಗುಮಾಸ್ತರ ಒಂಬತ್ತರ ಉಪಾಯ ಇಲ್ಲಿ ನಡೆಯುವುದಿಲ್ಲ

ತಾಳೆಯಾಗದ ಲೆಕ್ಕದಲ್ಲಿ ವ್ಯತ್ಯಾಸ 9ರಿಂದ ಭಾಗವಾದರೆ ಅಕ್ಕಪಕ್ಕದ ಅಂಕಿಗಳು ಅದಲು ಬದಲಾಗಿರಬಹುದು ಎಂಬುದು ಹಳೆಯ ಲೆಕ್ಕಿಗರೆಲ್ಲರಿಗೂ ಗೊತ್ತು. 680 ಬದಲು 860 ಬರೆದರೆ ವ್ಯತ್ಯಾಸ 180. ಕೈ ಮಾಡುವ ತಪ್ಪು ಅದು. ಓಸಿಆರ್ ಸಾಮಾನ್ಯವಾಗಿ ಅಂಕಿಗಳ ಜಾಗ ಬದಲಿಸುವುದಿಲ್ಲ, ಇದ್ದ ಜಾಗದಲ್ಲೇ ಒಂದನ್ನು ಇನ್ನೊಂದಾಗಿ ಕಾಣುತ್ತದೆ. ಆದ್ದರಿಂದ ವ್ಯತ್ಯಾಸ 5, 50, 500 ಬಂದರೆ 3 ಮತ್ತು 8, ಅಥವಾ 2 ಮತ್ತು 7 ಎಂದು ಶಂಕಿಸಿ. 6, 60, 600 ಬಂದರೆ 1 ಮತ್ತು 7. ವ್ಯತ್ಯಾಸ ಒಂದು ಇಡೀ ಸಾಲಿನ ಮೊತ್ತದಷ್ಟೇ ಇದ್ದರೆ ಅಂಕಿ ತಪ್ಪಿಲ್ಲ, ಸಾಲೇ ಬಿಟ್ಟುಹೋಗಿದೆ. 9ರಿಂದ ಭಾಗವಾದರೆ ಬಿಲ್ಲು ಬರೆದವರೇ ತಪ್ಪಿರಬಹುದು, ಮೂಲ ಕಾಗದ ನೋಡಿ.

13. ರೂಪಾಯಿಯ ರಿಯಾಯಿತಿ ಕೊಟ್ಟರೆ ತಪ್ಪುಗಳು ಒಳಗೆ ನುಸುಳುತ್ತವೆ

ಮೇಲಿನ ಬಿಲ್ಲಿನ ಮೊತ್ತಕ್ಕೆ 5% ತೆರಿಗೆ. ಕೇಂದ್ರದ ಪಾಲು 10,688.06, ರಾಜ್ಯದ ಪಾಲೂ ಅಷ್ಟೇ. ಒಟ್ಟು 4,48,898.62. ರೌಂಡ್ ಆಫ್ 0.38 ಸೇರಿ 4,48,899. ಇಲ್ಲಿ ಒಪ್ಪಬಹುದಾದ ವ್ಯತ್ಯಾಸ ಸಾಲಿಗೆ ಒಂದು ಪೈಸೆ, ರೌಂಡ್ ಆಫ್‌ಗೆ 50 ಪೈಸೆ. ಕೆಂಪು ಗುರುತುಗಳು ಜಾಸ್ತಿ ಬರುತ್ತವೆಂದು ನೂರು ರೂಪಾಯಿವರೆಗೆ ನಡೆಯುತ್ತದೆ ಎಂದು ಸಡಿಲ ಬಿಟ್ಟಿದ್ದರೆ ಗುಂಟೂರಿನ ಐವತ್ತು ರೂಪಾಯಿ ತಪ್ಪು ಯಾರಿಗೂ ಕಾಣದೆ ಲೆಕ್ಕಕ್ಕೆ ಸೇರಿಬಿಡುತ್ತಿತ್ತು.

14. ಓಸಿಆರ್ ಪೂರ್ಣ ಭರವಸೆಯಿಂದಲೇ ತಪ್ಪು ಹೇಳಬಲ್ಲದು

ಟೆಸರ್ಯಾಕ್ಟ್ ಪ್ರತಿ ಪದಕ್ಕೂ 0ಯಿಂದ 100ರವರೆಗೆ ಒಂದು ವಿಶ್ವಾಸದ ಅಂಕ ಕೊಡುತ್ತದೆ. 90 ದಾಟಿದ್ದೆಲ್ಲ ಸರಿ ಎಂದು ನಂಬಿಬಿಡುವವರಿದ್ದಾರೆ. ಆದರೆ 24,700 ಎಂಬುದು ನೋಡಲು ಅಚ್ಚುಕಟ್ಟಾದ ಸಂಖ್ಯೆ, 7 ಅಚ್ಚುಕಟ್ಟಾದ ಅಂಕಿ, ಅದಕ್ಕೆ ಹೆಚ್ಚಿನ ಅಂಕವೇ ಬರಬಹುದು. ಕಡಿಮೆ ಅಂಕ ಬಂದ ಕಡೆ ಮತ್ತೆ ನೋಡಿ, ಅದು ಸರಿ. ಹೆಚ್ಚು ಅಂಕ ಬಂದಿದೆ ಎಂದು ಗುಣಾಕಾರ ಬಿಡಬೇಡಿ.

15. ಜಿಎಸ್‌ಟಿ ನಂಬರಿನ ಕೊನೆಯ ಅಕ್ಷರ ಕಾವಲುಗಾರ

ಹದಿನೈದು ಅಕ್ಷರಗಳಲ್ಲಿ ಮೊದಲೆರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಆಮೇಲೆ ಹತ್ತು ಪ್ಯಾನ್: ಐದು ಅಕ್ಷರ, ನಾಲ್ಕು ಅಂಕಿ, ಒಂದು ಅಕ್ಷರ. ಹದಿಮೂರನೆಯದು ನೋಂದಣಿಯ ಸಂಖ್ಯೆ, ಹದಿನಾಲ್ಕು ಸಾಮಾನ್ಯವಾಗಿ Z, ಹದಿನೈದು ತಾಳೆ ನೋಡುವ ಅಕ್ಷರ. ಮಾದರಿಗಾಗಿ ಕಟ್ಟಿದ 29ABCDE1234F1ZW ನೋಡಿ. ಓಸಿಆರ್ ಇದನ್ನು 29A8CDE1Z34F12W ಎಂದು ಓದಿತು ಎನ್ನೋಣ. ನಾಲ್ಕನೇ ಜಾಗ ಅಕ್ಷರದ್ದು, 8 ಹೋಗಿ B. ಒಂಬತ್ತನೇ ಜಾಗ ಅಂಕಿಯದು, Z ಹೋಗಿ 2. ಹದಿನಾಲ್ಕು Z. ಜಾಗವೇ ತಪ್ಪನ್ನು ತಿದ್ದಿತು.

ಅಂಕಿ ಅಂಕಿಯಾಗಿಯೇ ತಪ್ಪಿದರೆ? 1234 ಹೋಗಿ 1284 ಆದರೆ ಜಾಗದ ನಿಯಮಕ್ಕೆ ಗೊತ್ತಾಗದು, ಕೊನೆಯ ಅಕ್ಷರಕ್ಕೆ ಗೊತ್ತಾಗುತ್ತದೆ. ಲೆಕ್ಕ ಹೀಗೆ: 0ಯಿಂದ 9ಕ್ಕೆ ಅದದೇ ಬೆಲೆ, A ಗೆ 10, Z ಗೆ 35. ಮೊದಲ ಹದಿನಾಲ್ಕನ್ನು ಒಂದು ಬಿಟ್ಟು ಒಂದು 1 ಮತ್ತು 2ರಿಂದ ಗುಣಿಸಿ, ಪ್ರತಿ ಗುಣಲಬ್ಧವನ್ನು 36ರಿಂದ ಭಾಗಿಸಿ ಭಾಗಲಬ್ಧವನ್ನೂ ಶೇಷವನ್ನೂ ಕೂಡಿ. ಮಾದರಿ ನಂಬರಿಗೆ ಒಟ್ಟು 184 ಬರುತ್ತದೆ. 36ರಿಂದ ಭಾಗಿಸಿದರೆ ಶೇಷ 4, ಅದನ್ನು 36ರಿಂದ ಕಳೆದರೆ 32, ಅಂದರೆ W. ಶೇಷ ಸೊನ್ನೆ ಬಂದರೆ ಕೊನೆಯದು 0. 1284 ಎಂದು ಓದಿದರೆ ಒಟ್ಟು 194, ಬರಬೇಕಾದ ಅಕ್ಷರ M. ಬಿಲ್ಲಿನಲ್ಲಿ W ಇದೆ. ಸಿಕ್ಕಿಬಿತ್ತು.

16. ಡಬ್ಬಿಯೋ ಕಡ್ಡಿಯೋ, ಹತ್ತಿರದ ಹೆಸರು ಯಾವಾಗಲೂ ಸರಿಯಲ್ಲ

ಬ್ಯಾಡಗಿ ಮೆಣಸಿನಕಾಯಿಯಲ್ಲಿ ಗಿಡ್ಡ, ದುಂಡಗಿನದು ಡಬ್ಬಿ, ಉದ್ದ, ಸಪೂರದ್ದು ಕಡ್ಡಿ. ಬಿಲ್ಲಿನ ಕನ್ನಡದಲ್ಲಿ ಮೊದಲು ಹೊಡೆತ ತಿನ್ನುವುದು ಒತ್ತಕ್ಷರ. ಅದು ಸಾಲಿನ ಕೆಳಗೆ ಇಳಿಯುತ್ತದೆ, ಕೋಷ್ಟಕದ ಗೆರೆಗೆ ತಾಗುತ್ತದೆ, ಗೆರೆ ಅಳಿಸುವಾಗ ಅದೂ ಅಳಿಯುತ್ತದೆ. ಡಬ್ಬಿ ಹೋಗಿ ಡಬಿ ಆಗುತ್ತದೆ. ಬ ಮತ್ತು ಭ, ದ ಮತ್ತು ಧ, ಡ ಮತ್ತು ಢ ಇವುಗಳ ನಡುವೆ ಕೆಳಗಿನ ಸಣ್ಣ ಸೀಳೊಂದೇ ವ್ಯತ್ಯಾಸ.

ಮಾಲಿನ ಹೆಸರುಗಳ ಪಟ್ಟಿ ಇಟ್ಟುಕೊಂಡು, ಓದಿದ್ದನ್ನು ಎಷ್ಟು ಬದಲಾವಣೆಯಲ್ಲಿ ಯಾವ ಹೆಸರಾಗಿ ಮಾಡಬಹುದು ಎಂದು ಎಣಿಸುವುದು ರೂಢಿ. ಡಬಿಯನ್ನು ಡಬ್ಬಿ ಮಾಡಲು ಎರಡು ಬದಲಾವಣೆ, ಕಡ್ಡಿ ಮಾಡಲು ಮೂರು. ಒಂದೇ ಒಂದರ ಅಂತರ! ಎರಡರ ಎಚ್‌ಎಸ್‌ಎನ್ ಸಂಕೇತವೂ ಒಂದೇ, ತೆರಿಗೆಯೂ ಒಂದೇ, ಆದ್ದರಿಂದ ರಿಟರ್ನ್‌ನಲ್ಲಿ ತಪ್ಪು ಗೊತ್ತಾಗದು. ಗೋದಾಮಿನ ದಾಸ್ತಾನಿನಲ್ಲಿ ಡಬ್ಬಿ ಉಳಿದು ಕಡ್ಡಿ ಕೊರತೆಯಾದಾಗ ಗೊತ್ತಾಗುತ್ತದೆ. ಎರಡು ಹೆಸರುಗಳ ಅಂತರ ಇಷ್ಟು ಕಡಿಮೆಯಾದಾಗ ಆ ದಿನದ ದರ ನೋಡಿ, ಇಲ್ಲವೇ ಮನುಷ್ಯರ ಕಣ್ಣಿಗೆ ಬಿಡಿ. ಟೆಸರ್ಯಾಕ್ಟ್ ಅಲ್ಲದೆ, ಕನ್ನಡ ಮುದ್ರಣಕ್ಕೆಂದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಮತ್ತು ಎಚ್. ಆರ್. ಶಿವಕುಮಾರ್ ‘ಲಿಪಿ ಜ್ಞಾನಿ’ ಓಸಿಆರ್ ರೂಪಿಸಿದ್ದಾರೆ.

17. ಎರಡು ಭಾಷೆ ಸೇರಿಸಿ ಓದಿಸಿದರೆ ಒಂದೇ ಸಂಖ್ಯೆಯಲ್ಲಿ ಎರಡು ಲಿಪಿ ಬರಬಹುದು

`kan+eng` ಎಂದು ಕೊಟ್ಟಾಗ 200 ಎಂಬುದು 2೦0 ಎಂದು ಬರುವುದುಂಟು. ನಡುವಿನದು ಕನ್ನಡದ ಸೊನ್ನೆ. ಕಣ್ಣಿಗೆ ಹೆಚ್ಚು ಕಡಿಮೆ ಒಂದೇ, ಸ್ಪ್ರೆಡ್‌ಶೀಟಿಗೆ ಮಾತ್ರ ಅದು ಸಂಖ್ಯೆಯೇ ಅಲ್ಲ, ಕೂಡುವಾಗ ಬಿಟ್ಟುಬಿಡುತ್ತದೆ. ೦ಯಿಂದ ೯ರವರೆಗಿನ ಅಂಕಿಗಳನ್ನು ಮೊದಲು 0ಯಿಂದ 9ಕ್ಕೆ ತಿರುಗಿಸಿಕೊಳ್ಳಿ. ಪೂರ್ತಿ ಕನ್ನಡ ಅಂಕಿಯ ಬಿಲ್ಲಾದರೆ ೩ ಮತ್ತು ೬, ೧ ಮತ್ತು ಗ, ೦ ಮತ್ತು ಅನುಸ್ವಾರ ಇವುಗಳ ಮೇಲೆ ಕಣ್ಣಿಡಿ.

18. ಎಕ್ಸೆಲ್ ಕೂಡ ತಪ್ಪು ಮಾಡುತ್ತದೆ

ಒಣ ಮೆಣಸಿನಕಾಯಿಯ ಎಚ್‌ಎಸ್‌ಎನ್ 0904. ಓಸಿಆರ್ ಸರಿಯಾಗಿ ಓದಿದ್ದರೂ ಎಕ್ಸೆಲ್‌ಗೆ ಹಾಕಿದೊಡನೆ ಮುಂದಿನ ಸೊನ್ನೆ ಮಾಯವಾಗಿ 904 ಆಗುತ್ತದೆ. ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಎಂದು ಗುರುತಿಸಿಡಿ. ಬಿಲ್ ನಂಬರಿಗೂ ಇದೇ ಮಾತು.

19. ಬಿಲ್ಲಿನ ಮೂಲೆಯ ಕ್ಯುಆರ್‌ಗೆ ಎಷ್ಟು ಸಾಲಿದೆ ಎಂಬುದು ಗೊತ್ತು

ವಹಿವಾಟು ಐದು ಕೋಟಿ ದಾಟಿದವರು ಇತರ ವ್ಯಾಪಾರಸ್ಥರಿಗೆ ಕೊಡುವ ಬಿಲ್ಲಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯ. ಅದರ ಕ್ಯುಆರ್‌ನಲ್ಲಿ ಮಾರಿದವರ ಮತ್ತು ಕೊಂಡವರ ಜಿಎಸ್‌ಟಿ ನಂಬರು, ಬಿಲ್ ನಂಬರು, ದಿನಾಂಕ, ಒಟ್ಟು ಮೊತ್ತ, ಮುಖ್ಯ ಎಚ್‌ಎಸ್‌ಎನ್ ಇರುತ್ತವೆ. ಜೊತೆಗೆ `ItemCnt` ಎಂಬ ಹೆಸರಿನಲ್ಲಿ ಸಾಲುಗಳ ಎಣಿಕೆಯೂ ಇರುತ್ತದೆ. ಓಸಿಆರ್ ಮೂರು ಸಾಲು ತೆಗೆದು ಕ್ಯುಆರ್ ನಾಲ್ಕು ಎಂದರೆ ಮಡಿಕೆಯ ಗೆರೆಯಲ್ಲೆಲ್ಲೋ ಒಂದು ಸಾಲು ಸಿಕ್ಕಿಕೊಂಡಿದೆ. ಸಾಲುಗಳ ವಿವರ ಮಾತ್ರ ಕ್ಯುಆರ್‌ನಲ್ಲಿ ಇರುವುದಿಲ್ಲ, ಅದನ್ನು ಓದಲೇಬೇಕು. ಸಣ್ಣ ವರ್ತಕರ ಬಿಲ್ಲಿನಲ್ಲಿ ಈ ಕ್ಯುಆರ್ ಇರುವುದಿಲ್ಲ. ಪಾವತಿಗಾಗಿ ಅಂಟಿಸಿದ ಯುಪಿಐ ಕ್ಯುಆರ್ ಬೇರೆ, ಇದು ಬೇರೆ.

20. ರಾಣೆಬೆನ್ನೂರಿನ ಬೀಜದ ಬಿಲ್ಲಿನಲ್ಲಿ ಲಾಟ್ ನಂಬರಿಗೆ ಸಾಕ್ಷಿಯೇ ಇಲ್ಲ

ಇಲ್ಲಿಯವರೆಗಿನ ಪ್ರತಿ ತಿದ್ದುಪಡಿಗೂ ಲೆಕ್ಕದ್ದೋ ಜಾಗದ್ದೋ ಒಂದು ಆಧಾರವಿತ್ತು. ಬೀಜದ ಬಿಲ್ಲಿನ ಲಾಟ್ ನಂಬರಿಗೆ ಅದಿಲ್ಲ. ಅದು ಕೂಡುವುದಿಲ್ಲ, ಗುಣಿಸುವುದಿಲ್ಲ, ಕೊನೆಯಲ್ಲಿ ತಾಳೆ ಅಕ್ಷರ ಇದೆ ಎಂದು ನಂಬುವ ಹಾಗೂ ಇಲ್ಲ. 3 ಹೋಗಿ 8 ಆದರೂ ಅದು ಸರಿಯಾದ ಲಾಟ್ ನಂಬರಿನ ಹಾಗೆಯೇ ಕಾಣುತ್ತದೆ. ತಳಿಯ ಹೆಸರಿನ ಮುಂದಿನ ಸಂಖ್ಯೆಯದೂ ಇದೇ ಕತೆ. ಒಂದೇ ಅಂಕಿ ಬದಲಾದರೆ ಬೇರೊಂದು ತಳಿಯೇ ಆಗಬಹುದು, ಹತ್ತಿರದ ಹೆಸರು ಹುಡುಕುವ ಉಪಾಯ ಇಲ್ಲಿ ಅಪಾಯವೇ ಸರಿ.

1983ರ ಬೀಜ ನಿಯಂತ್ರಣ ಆದೇಶದಂತೆ ಬೀಜ ಮಾರುವವರು ಕೊಂಡವರಿಗೆ ಬಿಲ್ಲು ಕೊಡಬೇಕು. ಬೀಜ ಮೊಳೆಯಲಿಲ್ಲ ಎಂದು ರೈತ ದೂರು ಹೊತ್ತು ಬಂದಾಗ ಯಾವ ಲಾಟ್‌ನ ಬೀಜ ಎಂಬುದೇ ಮೊದಲ ಪ್ರಶ್ನೆ. ಅಂಗಡಿಯ ದಾಸ್ತಾನಿನಲ್ಲಿ ತಪ್ಪು ಲಾಟ್ ಕೂತಿದ್ದರೆ ಆ ದೂರಿನ ಜಾಡೇ ತಪ್ಪುತ್ತದೆ. ಆದ್ದರಿಂದ ಲಾಟ್ ನಂಬರನ್ನು ಯಂತ್ರ ತಾನಾಗಿ ತಿದ್ದಬಾರದು. ಮಾಲು ಬಂದಾಗಿನ ಚಲನ್‌ನಲ್ಲಿರುವ ಲಾಟ್‌ಗಳ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಬೇಕು. ಒಂದು ಅಕ್ಷರ ಹೊಂದದಿದ್ದರೂ ಪೊಟ್ಟಣದ ಮೇಲಿನ ಲೇಬಲ್ ನೋಡಬೇಕು.

21. ಕೈಬರಹದ ಬಿಲ್ಲಿಗೆ ಈ ಓಸಿಆರ್ ಹೊಂದುವುದಿಲ್ಲ

ಟೆಸರ್ಯಾಕ್ಟ್ ಕಲಿತಿರುವುದು ಮುದ್ರಿತ ಅಕ್ಷರವನ್ನು. ಮುದ್ರಿತ ನಮೂನೆಯಲ್ಲಿ ಪೆನ್ನಿನಿಂದ ತುಂಬಿದ ಪಟ್ಟಿಯನ್ನು ಕೊಟ್ಟರೆ ಶೀರ್ಷಿಕೆಗಳನ್ನೆಲ್ಲ ಚೆನ್ನಾಗಿ ಓದಿ, ಬೇಕಾದ ಅಂಕಿಗಳ ಜಾಗದಲ್ಲಿ ಕಸ ಕೊಡುತ್ತದೆ. ಅಂಥ ಪಟ್ಟಿಯನ್ನು ಟೈಪ್ ಮಾಡುವುದೇ ಬೇಗ. ಟೈಪ್ ಮಾಡಿದ ಮೇಲೂ ಅದೇ ಗುಣಾಕಾರ, ಅದೇ ಕೂಡಿಕೆಯ ಪರೀಕ್ಷೆ ಮಾಡಿ, ಕೈತಪ್ಪನ್ನೂ ಅದು ಹಿಡಿಯುತ್ತದೆ.

22. ಮನುಷ್ಯರು ನೋಡಬೇಕಾದದ್ದು ಇಡೀ ಬಿಲ್ಲನ್ನಲ್ಲ

ಪ್ರತಿ ಅಂಕಿಯ ಜಾಗವೂ ಪಿಕ್ಸೆಲ್ ಲೆಕ್ಕದಲ್ಲಿ ಗೊತ್ತಿರುವುದರಿಂದ ಅನುಮಾನದ ಅಂಕಿಯ ಚಿತ್ರವನ್ನಷ್ಟೇ ಕತ್ತರಿಸಿ, ಓದಿದ ಅಂಕಿಯ ಪಕ್ಕದಲ್ಲಿ ತೋರಿಸಬಹುದು. ಅಡ್ಡ ಗುಣಾಕಾರ, ಕೆಳಗಿನ ಒಟ್ಟು, ತೆರಿಗೆ ಮೂರೂ ತಾಳೆಯಾದ ಸಾಲು ನೇರವಾಗಿ ಲೆಕ್ಕಕ್ಕೆ ಹೋಗಲಿ. ಎರಡು ಸಾಕ್ಷಿಗಳು ಒಂದೇ ಅಂಕಿಯನ್ನು ತೋರಿಸಿದರೆ ಯಂತ್ರ ತಿದ್ದಲಿ, ಆದರೆ ಮೊದಲು ಓದಿದ್ದನ್ನೂ ಪಕ್ಕದಲ್ಲಿ ಉಳಿಸಲಿ. ಸಾಕ್ಷಿ ಒಂದೇ ಇದ್ದರೆ ಗುಮಾಸ್ತರು ಚಿತ್ರ ನೋಡಿ ಒಪ್ಪಲಿ. ಲಾಟ್ ನಂಬರು, ದಿನಾಂಕ, ಬಿಲ್ ನಂಬರಿನಂಥ ಸಾಕ್ಷಿಯಿಲ್ಲದವನ್ನು ಯಾವಾಗಲೂ ಮನುಷ್ಯರೇ ನೋಡಲಿ. ಅದರಲ್ಲೂ ಅಂಕಿ ಬಿಡಿಸಲಾಗದಿದ್ದರೆ ಊಹಿಸಿ ತುಂಬುವುದು ಬೇಡ, ಬಿಲ್ಲು ಕೊಟ್ಟ ಅಂಗಡಿಗೆ ಫೋನ್ ಮಾಡಿ ಮೂಲ ಪಿಡಿಎಫ್ ತರಿಸಿಕೊಳ್ಳಿ.